ಅಮ್ಮನ ಕೈಗೆ ಯಾವ ಕಂಬಿ: ಒಂದೂವರೆ ಇಂಚಿನದಾ, ಎರಡು ಇಂಚಿನದಾ?

ಚಿಕ್ಕಮಗಳೂರಿನ ನಮ್ಮ ಮನೆ ಮೆಟ್ಟಿಲ ಪಕ್ಕ ಅಮ್ಮ ಹಿಡಿದು ಹತ್ತಲು ಕಂಬಿ ಹಾಕಿಸಬೇಕಿತ್ತು. ಮೊದಲು ಎರಡು ಇಂಚಿನ ಸ್ಟೀಲ್ ಪೈಪ್ ನೋಡಿದೆವು. ಗಟ್ಟಿ ಇತ್ತು. ಆದರೆ ಕೀಲುನೋವಿನ ಅಮ್ಮನ ಬೆರಳು ಅದನ್ನು ಪೂರ್ತಿ ಸುತ್ತಲಿಲ್ಲ. ಕಾಲು ಜಾರಿದರೆ ಅಂಗೈ ಸುಮ್ನೆ ಒರಗಿರುತ್ತದೆ, ಹಿಡಿತ ಸಿಗುವುದಿಲ್ಲ. ಒಂದೂವರೆ ಇಂಚಿನದಕ್ಕೆ ಹೆಬ್ಬೆರಳು ಬೆರಳತುದಿಯ ಹತ್ತಿರ ಬಂತು. ಅದೇ ಸರಿ. ಮಳೆಗಾಲದಲ್ಲಿ ಸ್ಟೀಲ್ ಕೈಗೆ ತಣ್ಣಗೆ ಕೊರೆಯುತ್ತದೆ, ಅಲ್ವಾ? ಅದಕ್ಕೇ ಅದೇ ದಪ್ಪದ ಮರದ್ದು ಹಾಕಿಸಿದೆವು.

ಕಂಬಿಯ ಎತ್ತರವನ್ನು ಮೆಟ್ಟಿಲಿನ ಅಂಚಿನಿಂದ ನೇರ ಮೇಲಕ್ಕೆ ಅಳೆಯಿರಿ. 36 ಇಂಚಿಗೆ ಅಮ್ಮನ ಭುಜ ಮೇಲೆದ್ದಿತು. 34ಕ್ಕೆ ಮೊಣಕೈ ತುಸು ಮಡಚಿ, ಆರಾಮಾಗಿ ಭಾರ ಹಾಕಿದರು.

ಬ್ರಾಕೆಟ್ 4 ಅಡಿಗೊಂದಾದರೆ ಖರ್ಚು ಕಡಿಮೆ, ಆದರೆ ಮರ ನಡುವೆ ಜಾಸ್ತಿ ಬಾಗುತ್ತದೆ. 3 ಅಡಿಗೊಂದು ಇರಲಿ. ಬ್ರಾಕೆಟ್ ಹಿಡಿದಿಡುವ ಆಂಕರ್ ಗೋಡೆಯ ಪ್ಲಾಸ್ಟರ್ ದಾಟಿ ಇಟ್ಟಿಗೆಯೊಳಗೆ ಹೋಗಲೇಬೇಕು.