14 ತಿಂಗಳು ಬಳಸಿದ ತಕ್ಕಡಿ ಕಿಟ್: ಎರಡನೇ ಫಿಲ್ಟರ್ ಆನ್ ಮಾಡೋ ಮುಂಚೆ ಇದನ್ನು ಓದಿ

ನಾನೇ ಜೋಡಿಸಿಕೊಂಡ ತಕ್ಕಡಿ ಇದು. ಒಂದು ಕಿಲೋ ಲೋಡ್ ಸೆಲ್, ಅದರ ಸಣ್ಣ ವೋಲ್ಟೇಜನ್ನು ಅಂಕಿಯಾಗಿಸುವ ಬೋರ್ಡ್, ಪುಟ್ಟ ಡಿಸ್‌ಪ್ಲೇ. ಕಂಪನಿ ಹೆಸರು ಬೇಡ ಬಿಡಿ. ರೆಡಿ ತಕ್ಕಡಿಗಿಂತ ಕಮ್ಮಿ ದುಡ್ಡಿಗೆ ಸಿಕ್ಕಿತು, ಬಿಚ್ಚಿ ನೋಡೋ ಖುಷಿಯೂ ಸಿಗುತ್ತೆ ಅಂತ ತಗೊಂಡೆ.

ದಿನಾ ಬೆಳಗ್ಗೆ ಇದಕ್ಕೆ ಒಂದೇ ಕೆಲಸ. ಹಿತ್ತಾಳೆ ಕಾಫಿ ಫಿಲ್ಟರಿನ ಮೇಲಿನ ಪಾತ್ರೆಯನ್ನು ತಟ್ಟೆ ಮೇಲಿಡುತ್ತೇನೆ. ಸೊನ್ನೆ ಬಟನ್ ಒತ್ತುತ್ತೇನೆ. ಚಮಚ ತಟ್ಟಿ ತಟ್ಟಿ 20 ಗ್ರಾಂ ಪುಡಿ ಹಾಕುತ್ತೇನೆ. ಅಮ್ಮ ಇದನ್ನು ನೋಡಿ ಇನ್ನೂ ನಗುತ್ತಾರೆ. ಅವರ ಅಳತೆ ಎರಡು ಚಮಚ, ಮೇಲೊಂದು ಚಿಟಿಕೆ. ನಿಜ ಹೇಳಬೇಕಂದ್ರೆ ಅವರ ಡಿಕಾಕ್ಷನ್ನೇ ಚೆನ್ನಾಗಿರುತ್ತೆ.

ಮೊದಲ ವಾರವೇ ಕಿರಿಕಿರಿ ಶುರುವಾಯಿತು. ಪಾತ್ರೆ ಅಲುಗಾಡದೇ ಇದ್ದರೂ ಅಂಕಿ ಕುಣಿಯುತ್ತಿತ್ತು. 19.6, 20.3, 20.1, 19.5. ಬೋರ್ಡ್ ಸೆಕೆಂಡಿಗೆ 10 ಸಲ ಓದುತ್ತೆ. ಖಾಲಿ ತಟ್ಟೆ ಇಟ್ಟು, ಫ್ಯಾನ್ ಆರಿಸಿ, 10 ನಿಮಿಷದ 6000 ಓದುಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 0.5 ಗ್ರಾಂ. ಒಂದು ಓದಿಗೂ ಅದರ ಮುಂದಿನ ಓದಿಗೂ ಸಂಬಂಧವೇ ಇರಲಿಲ್ಲ. ಅಂದರೆ ಹೆಚ್ಚುಕಮ್ಮಿ ವೈಟ್ ನಾಯ್ಸ್. ನಿಧಾನದ ಅಲುಗಾಟಕ್ಕೂ ವೇಗದ ಅಲುಗಾಟಕ್ಕೂ ಒಂದೇ ಪಾಲು ಶಕ್ತಿ, ಪವರ್ ಸ್ಪೆಕ್ಟ್ರಲ್ ಡೆನ್ಸಿಟಿಯ ಗೆರೆ ಚಪ್ಪಟೆ.

ಇದಕ್ಕೇ ಕಿಟ್‌ನಲ್ಲಿ ಒಂದು ಫಿಲ್ಟರ್ ಇದೆ. ಹೊಸ ಓದಿನ ಹತ್ತನೇ ಒಂದು ಭಾಗ, ಹಳೇ ಉತ್ತರದ ಹತ್ತನೇ ಒಂಬತ್ತು ಭಾಗ, ಎರಡನ್ನೂ ಕೂಡಿಸಿ ತೋರಿಸುತ್ತೆ:

```
y = 0.1*x + 0.9*y
```

ಇದನ್ನು ಆನ್ ಮಾಡಿದ ದಿನ ಹಬ್ಬ. ಅಲುಗಾಟ 0.5ರಿಂದ 0.11ರ ಹತ್ತಿರಕ್ಕೆ ಇಳಿಯಿತು. ಲೆಕ್ಕವೂ ಅದನ್ನೇ ಹೇಳುತ್ತೆ. ಈಗಿನ ಓದಿಗೆ 0.1 ತೂಕ, ಹಿಂದಿನದಕ್ಕೆ 0.09, ಅದರ ಹಿಂದಿನದಕ್ಕೆ 0.081, ಹೀಗೇ ಸಾಗುತ್ತೆ. ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳ ವೇರಿಯನ್ಸ್ ಕೂಡುವಾಗ ಈ ತೂಕಗಳ ವರ್ಗ ಬರುತ್ತೆ. ಆ ವರ್ಗಗಳನ್ನೆಲ್ಲ ಕೂಡಿದರೆ ಸಿಗುವುದೇ ನಾಯ್ಸ್ ವೇರಿಯನ್ಸ್ ಗೇನ್. ಇಲ್ಲಿ ಅದು 0.1/1.9, ಅಂದರೆ 1/19. ಅದರ ವರ್ಗಮೂಲ 0.23, ಹಾಗಾಗಿ 0.5 ಗ್ರಾಂ 0.115 ಆಗಬೇಕು. ಆಯಿತು.

ಸಿಟ್ಟು ಬಂದಿದ್ದು ಎರಡನೇ ತಿಂಗಳು. ಸೆಟ್ಟಿಂಗ್‌ನಲ್ಲಿ 'ಎರಡು ಹಂತ' ಅಂತ ಇನ್ನೊಂದು ಆಯ್ಕೆ ಇತ್ತು. ಅದೇ ಫಿಲ್ಟರನ್ನು ಇನ್ನೊಮ್ಮೆ ಹಾಯಿಸುತ್ತೆ, ಅಷ್ಟೇ. ಪ್ರತಿ ಹಂತವೂ ಅಲುಗಾಟವನ್ನು 0.23 ಪಟ್ಟಿಗೆ ಇಳಿಸುತ್ತೆ ಅಂತ ಕೈಪಿಡಿಯಲ್ಲಿ ಬರೆದಿದ್ದರು. ಹಾಗಾದರೆ 0.026 ಗ್ರಾಂ ಬರಬೇಕು, ಅಲ್ವಾ? ಬಂದಿದ್ದು 0.08. ಮೂರು ಪಟ್ಟು ಜಾಸ್ತಿ. ಮತ್ತೆ ಅಳೆದೆ, ವೈರ್ ಬದಲಾಯಿಸಿದೆ, ಲೋಡ್ ಸೆಲ್‌ನ ಸ್ಕ್ರೂ ಬಿಗಿಮಾಡಿದೆ. ಬೋರ್ಡೇ ಕೆಟ್ಟಿದೆ ಅಂತ ವಾಪಸ್ ಕಳಿಸೋಕೆ ಡಬ್ಬಿಯಲ್ಲೂ ಹಾಕಿದ್ದೆ.

ಸುಳಿವು ಸಿಕ್ಕಿದ್ದು ಡಿಸ್‌ಪ್ಲೇಯಲ್ಲೇ. ಎರಡು ಹಂತ ಆನ್ ಇದ್ದಾಗ ಅಂಕಿ ಕುಣಿಯುತ್ತಿರಲಿಲ್ಲ, ಜೋಕಾಲಿಯ ಹಾಗೆ ತೂಗುತ್ತಿತ್ತು. 20.0, 20.0, 20.1, 20.1, 20.1, ಮತ್ತೆ ಮೆಲ್ಲಗೆ 20.0. ವೇಗದ ಅಲುಗಾಟ ಪೂರ್ತಿ ಸತ್ತಿತ್ತು. ನಿಧಾನದ್ದು ಹಾಗೇ ಉಳಿದಿತ್ತು.

ಫಿಲ್ಟರಿನಿಂದ ಹೊರಬರುವ ಡೆನ್ಸಿಟಿ ಅಂದರೆ ಒಳಬಂದ ಡೆನ್ಸಿಟಿಗೆ ಫಿಲ್ಟರಿನ |H(ω)|² ಅನ್ನು ಗುಣಿಸಿದ್ದು. ω ಅಂದರೆ ಅಲುಗಾಟದ ವೇಗ, |H(ω)|² ಅಂದರೆ ಆ ವೇಗದ ಅಲುಗಾಟದ ಶಕ್ತಿಯಲ್ಲಿ ಫಿಲ್ಟರ್ ಎಷ್ಟು ಪಾಲನ್ನು ಹೊರಗೆ ಬಿಡುತ್ತೆ ಅನ್ನೋದು. ನಮ್ಮ ಫಿಲ್ಟರಿಗೆ ಅದು ಹೀಗಿದೆ:

```
|H(ω)|² = 0.01 / (1.81 - 1.8 cos ω)
```

ω ಸೊನ್ನೆ ಆದಾಗ, ಅಂದರೆ ಅತಿ ನಿಧಾನದ ಅಲುಗಾಟಕ್ಕೆ, ಇದರ ಬೆಲೆ ಸರಿಯಾಗಿ 1. ಒಂದಿಷ್ಟೂ ಇಳಿಯಲ್ಲ. ಓದಿನಿಂದ ಓದಿಗೆ ಮೇಲೆ ಕೆಳಗೆ ಹಾರುವ ಅಲುಗಾಟಕ್ಕೆ 1/361. ಆದ್ದರಿಂದ ಮೊದಲ ಹಂತ ದಾಟಿದ ನಾಯ್ಸ್ ಚಪ್ಪಟೆಯಾಗಿರಲ್ಲ. ನಿಧಾನದ ಕಡೆಗೆ ಗುಡ್ಡೆ ಬಿದ್ದಿರುತ್ತೆ. ಎರಡನೇ ಹಂತ ಕತ್ತರಿಸೋಕೆ ಹೊರಡುವ ವೇಗದ ಭಾಗವನ್ನು ಮೊದಲನೆಯದು ಆಗಲೇ ಕತ್ತರಿಸಿದೆ. ಉಳಿದ ಗುಡ್ಡೆಯನ್ನು ಎರಡನೆಯದು ಬಹುಪಾಲು ಹಾಗೇ ಒಳಗೆ ಬಿಟ್ಟುಕೊಳ್ಳುತ್ತೆ. 1/19 ಅನ್ನೋದು ವೈಟ್ ನಾಯ್ಸಿಗೆ ಮಾತ್ರ ಹೊಂದುವ ಅಂಕಿ. ಕೈಪಿಡಿ ಬರೆದವರು ಅದನ್ನು ಎರಡನೇ ಸಲವೂ ಗುಣಿಸಿಬಿಟ್ಟಿದ್ದಾರೆ. ಎರಡು ಹಂತವನ್ನು ಒಂದೇ ಫಿಲ್ಟರ್ ಅಂತ ತಗೊಂಡು, ಅದರ ತೂಕಗಳ ವರ್ಗ ಕೂಡಬೇಕಿತ್ತು:

```
import numpy as np
from scipy.signal import lfilter
x = np.zeros(500); x[0] = 1
h1 = lfilter([0.1], [1, -0.9], x)
h2 = lfilter([0.1], [1, -0.9], h1)
print((h1**2).sum(), (h2**2).sum())
```

ಮೊದಲನೆಯದು 0.0526, ಎರಡನೆಯದು 0.0264. ಎರಡನೇ ಹಂತದಿಂದ ವೇರಿಯನ್ಸ್ ಅರ್ಧ ಆಗಿದೆ, ಅಷ್ಟೇ. 0.0264ರ ವರ್ಗಮೂಲವನ್ನು 0.5ಕ್ಕೆ ಗುಣಿಸಿದರೆ 0.081. ನಾನು ಅಳೆದದ್ದೂ ಅದೇ. ಬೋರ್ಡಿನ ತಪ್ಪೇನೂ ಇರಲಿಲ್ಲ, ಪಾಪ. ಡಬ್ಬಿಯಿಂದ ಹೊರಗೆ ತೆಗೆದೆ.

ಆಮೇಲೆ ನನಗೆ ಕಾಯುವ ಸಮಯದ ಚಿಂತೆ ಹತ್ತಿತು. 20 ಗ್ರಾಂ ಪುಡಿ ಒಂದೇ ಸಲ ಸುರಿದರೆ, ಎರಡು ಹಂತದ ಫಿಲ್ಟರ್ ನಿಜವಾದ ತೂಕದ 0.1 ಗ್ರಾಂ ಹತ್ತಿರಕ್ಕೆ ಬರೋಕೆ ಸುಮಾರು 70 ಓದು ಬೇಕು. ಅಂದರೆ 7 ಸೆಕೆಂಡ್. ಅಷ್ಟರಲ್ಲಿ 'ಇನ್ನೂ ಕಮ್ಮಿ ಇದೆ' ಅಂತ ಇನ್ನರ್ಧ ಚಮಚ ಹಾಕಿರುತ್ತೇನೆ. ಎಷ್ಟೋ ದಿನ ಕಾಫಿ ಕಹಿಯಾಗಿದ್ದಕ್ಕೆ ಇದೇ ಕಾರಣ. ಈಗ ಆ ಫಿಲ್ಟರನ್ನೇ ತೆಗೆದುಹಾಕಿ, ಕೊನೆಯ 38 ಓದುಗಳ ಸರಾಸರಿ ತೋರಿಸುವಂತೆ ಮಾಡಿಕೊಂಡಿದ್ದೇನೆ. 38 ತೂಕಗಳೂ 1/38 ಆಗಿರುವುದರಿಂದ ವೇರಿಯನ್ಸ್ ಗೇನ್ ಕೂಡ 1/38, ಅಂದರೆ 0.0263. ಅಲುಗಾಟ ಅಷ್ಟೇ 0.08, ಆದರೆ 3.8 ಸೆಕೆಂಡಿಗೆ ಅಂಕಿ ಪೂರ್ತಿ ನಿಲ್ಲುತ್ತೆ. ಹಳೇ ಓದುಗಳನ್ನು ಇಟ್ಟುಕೊಳ್ಳೋಕೆ ಒಂಚೂರು ಜಾಸ್ತಿ ಮೆಮೊರಿ ಬೇಕು. 38 ಅಂಕಿಗೆ ಅದೇನು ದೊಡ್ಡದಲ್ಲ.

ಹಾಗಾದರೆ 400 ಓದುಗಳ ಸರಾಸರಿ ತಗೊಂಡರೆ? ಅಲುಗಾಟ 0.025ಕ್ಕೆ ಇಳಿಯಬೇಕು. ಆಸೆಪಟ್ಟು ಅದನ್ನೂ ಮಾಡಿ ನೋಡಿದೆ. ಒಲೆ ಪಕ್ಕ ಒಂದು ಗಂಟೆ ಬಿಟ್ಟಿದ್ದಕ್ಕೆ ಖಾಲಿ ತಟ್ಟೆಯೇ 0.3 ಗ್ರಾಂ ತೋರಿಸುತ್ತಿತ್ತು. ಇದು ಬಿಸಿಗೆ ಮೆಲ್ಲಗೆ ಜಾರುವ ತಪ್ಪು, ವೈಟ್ ನಾಯ್ಸ್ ಅಲ್ಲ. ಸೊನ್ನೆ ಫ್ರೀಕ್ವೆನ್ಸಿಯ ಹತ್ತಿರವೇ ಇರುತ್ತೆ. ಅಲ್ಲಿ ಯಾವ ಸರಾಸರಿಯ |H|² ಕೂಡ 1ರ ಆಸುಪಾಸೇ, ಇಲ್ಲದಿದ್ದರೆ ಪುಡಿಯ ತೂಕವೇ ಕಾಣೆಯಾಗುತ್ತಿತ್ತು. ನಿಮ್ಮ ಕಿಟ್‌ನಲ್ಲಿ ಇದಿದೆಯಾ ಅಂತ ನೋಡೋದು ಸುಲಭ. ಸರಾಸರಿಯ ಉದ್ದ ನಾಲ್ಕು ಪಟ್ಟು ಮಾಡಿ. ಅಲುಗಾಟ ಅರ್ಧ ಆದರೆ ಇನ್ನೂ ವೈಟ್ ನಾಯ್ಸಿನ ಆಟವೇ. ಆಗದಿದ್ದರೆ ಫಿಲ್ಟರ್ ಜೊತೆ ಗುದ್ದಾಡಬೇಡಿ, ಪುಡಿ ಹಾಕೋ ಮುಂಚೆ ಸೊನ್ನೆ ಬಟನ್ ಒತ್ತಿ.

ಆ ಬಟನ್ ಮಾತ್ರ ಚೆನ್ನಾಗಿದೆ. 14 ತಿಂಗಳಾದರೂ ಮೊದಲ ದಿನದ ಹಾಗೇ ಟಕ್ ಅನ್ನುತ್ತೆ. ತಕ್ಕಡಿಗೆ ನಾಲ್ಕು ಸ್ಟಾರ್. ಕೈಪಿಡಿಗೆ ಒಂದು, ಅದೂ ವೈರ್ ಜೋಡಿಸೋ ಚಿತ್ರ ಸರಿಯಾಗಿದೆ ಅನ್ನೋ ಕಾರಣಕ್ಕೆ.