ಓವನ್ನಿನ ಫ್ಯಾನ್ ಹಾಕಿದರೆ 20 ಡಿಗ್ರಿ ಇಳಿಸಿ ಅಂತಾರೆ, ಸರಿ. ಸಮಯ ಎಷ್ಟು ಇಳಿಸಬೇಕು?

ನಮ್ಮ ಓವನ್ನಿನ ನಾಬ್ ಮೇಲೆ ಎರಡು ಚಿತ್ರಗಳಿವೆ. ಒಂದರಲ್ಲಿ ಮೇಲೊಂದು ಗೆರೆ, ಕೆಳಗೊಂದು ಗೆರೆ. ಇನ್ನೊಂದರಲ್ಲಿ ಅದೇ ಎರಡು ಗೆರೆಗಳ ನಡುವೆ ಪುಟ್ಟ ಫ್ಯಾನ್. ಫ್ಯಾನ್ ಇದ್ದರೆ ಒಳ್ಳೇದೇ ಅಲ್ವಾ ಅಂತ ಶುರುವಿನಲ್ಲಿ ಎಲ್ಲಕ್ಕೂ ಅದನ್ನೇ ಹಾಕುತ್ತಿದ್ದೆ. ಎರಡು ಕೇಕ್ ಕೆಟ್ಟ ಮೇಲೆ, ಸುಮ್ನೆ ಊಹಿಸುವುದು ಬೇಡ ಅಂತ ಒಂದೇ ಹಿಟ್ಟನ್ನು ಎರಡೂ ಬಗೆಯಲ್ಲಿ ಬೇಯಿಸಿ ನೋಡಿದೆ.

ಮೊದಲು ಖಾರ ಬಿಸ್ಕತ್ತು. ಮೈದಾ, ಬೆಣ್ಣೆ, ಮೊಸರು, ಹಸಿಮೆಣಸು, ಕರಿಬೇವು, ಬೇಕರಿಯಲ್ಲಿ ಸಿಗುವಂಥದ್ದೇ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಮುಚ್ಚಳದಲ್ಲಿ ಕತ್ತರಿಸಿ, ಮೂರು ಪಾಲು ಮಾಡಿ ಫ್ರಿಜ್ಜಿನಲ್ಲಿಟ್ಟೆ. ಫ್ಯಾನ್ ಇಲ್ಲದೆ 180 ಡಿಗ್ರಿಯಲ್ಲಿ 20 ನಿಮಿಷ ಹಿಡಿಯಿತು. ತಳ ಚೆನ್ನಾಗಿ ಕೆಂಪಾಗಿತ್ತು, ಮೇಲ್ಭಾಗ ಇನ್ನೂ ಬಿಳಿಚಿಕೊಂಡಿತ್ತು. ಫ್ಯಾನ್ ಹಾಕಿ ಅದೇ 180ರಲ್ಲಿ ಇಟ್ಟರೆ 13 ನಿಮಿಷಕ್ಕೇ ಅಂಚು ಕಂದು ಬಣ್ಣಕ್ಕೆ ತಿರುಗಿತು. ಆದರೆ ಆರಿದ ಮೇಲೆ ಮುರಿದು ನೋಡಿದೆ, ನಡುವೆ ಮೆತ್ತಗಿತ್ತು. ಮೂರನೇ ಪಾಲನ್ನು ಫ್ಯಾನ್ ಜೊತೆ 160ಕ್ಕೆ ಇಟ್ಟೆ. 17 ನಿಮಿಷದಲ್ಲಿ ಮೇಲೆ, ಕೆಳಗೆ, ಅಂಚು, ನಡು ಎಲ್ಲ ಒಂದೇ ಬಣ್ಣ. ಮುರಿದರೆ ಟಕ್ ಅಂತ ಸದ್ದು. ಇಲ್ಲಿ ಫ್ಯಾನೇ ಗೆದ್ದಿತು, ಎರಡು ಮಾತಿಲ್ಲ.

ಯಾಕೆ ಹೀಗೆ ಅಂದರೆ, ಬಿಸಿ ಕಾಫಿಗೆ ಊದಿದಾಗ ಆಗುವುದನ್ನೇ ತಿರುಗಿಸಿ ನೋಡಿ. ಓವನ್ನಿಗೆ ತಣ್ಣಗಿನ ಹಿಟ್ಟು ಇಟ್ಟರೆ ಅದರ ಸುತ್ತ ತುಸು ತಂಪಾದ, ತೇವದ ಗಾಳಿಯ ಪದರ ಕಟ್ಟಿಕೊಳ್ಳುತ್ತದೆ. ಫ್ಯಾನ್ ಅದನ್ನು ಸರಿಸಿ ಸರಿಸಿ ಬಿಸಿ ಗಾಳಿ ತಾಗಿಸುತ್ತದೆ. ಹಾಗಾಗಿ ಮೇಲ್ಮೈ ಬೇಗ ಒಣಗಿ, ಬೇಗ ಕೆಂಪಾಗುತ್ತದೆ. 20 ಡಿಗ್ರಿ ಇಳಿಸುವುದು ಈ ವೇಗವನ್ನು ಹಿಡಿದಿಡಲಿಕ್ಕೆ. ಆದರೆ ಒಳಗಿನ ಹಿಟ್ಟಿಗೆ ಗಾಳಿ ತಾಗುವುದೇ ಇಲ್ಲ. ಅಲ್ಲಿಗೆ ಶಾಖ ಹೊರಗಿನಿಂದ ನಿಧಾನಕ್ಕೆ ಇಳಿಯಬೇಕು, ಅದಕ್ಕೆ ಅದರದೇ ಸಮಯ ಬೇಕು.

ಕೇಕಿನಲ್ಲಿ ನಾನು ಎಡವಿದ್ದೇ ಇಲ್ಲಿ. ಏಳು ಇಂಚಿನ ಟಿನ್ನಿನಲ್ಲಿ ಮೊಸರು ಹಾಕಿದ, ಮೊಟ್ಟೆ ಇಲ್ಲದ ಕೇಕ್. ಫ್ಯಾನ್ ಇಲ್ಲದೆ 180ರಲ್ಲಿ 40 ನಿಮಿಷ, ತಲೆ ಹೆಚ್ಚು ಕಡಿಮೆ ಸಮ. ಫ್ಯಾನ್ ಜೊತೆ 180 ಇಟ್ಟಾಗ 20 ನಿಮಿಷಕ್ಕೇ ಮೇಲೆ ಗಟ್ಟಿ ಪದರ ಕಟ್ಟಿತು. ಒಳಗಿನ ಹಿಟ್ಟು ಆಮೇಲೆ ಉಬ್ಬಿ ಅದನ್ನು ಸೀಳಿಕೊಂಡು ಬಂತು. ಗುಡ್ಡದ ಹಾಗೆ ನಡು ಎದ್ದು, ಮೇಲೊಂದು ಬಿರುಕು. ಮುಂದಿನ ಸಲ 160ಕ್ಕೆ ಇಳಿಸಿದೆ. ಫ್ಯಾನ್ ಅಲ್ವಾ, ಸಮಯವೂ ಕಡಿಮೆ ಸಾಕು ಅಂತ 32 ನಿಮಿಷಕ್ಕೆ ತೆಗೆದೆ. ಬಣ್ಣ ನೋಡಿ ಮೋಸ ಹೋಗಿದ್ದೆ, ಕಡ್ಡಿಯನ್ನೂ ಚುಚ್ಚಲಿಲ್ಲ. ಹತ್ತು ನಿಮಿಷದಲ್ಲಿ ನಡು ಕುಸಿದು ತಟ್ಟೆಯಾಯಿತು. ಮೂರನೇ ಸಲ ಅದೇ 160ರಲ್ಲಿ, 38 ನಿಮಿಷಕ್ಕೆ ಕಡ್ಡಿ ಒಣಗಿ ಬಂತು. ಅಂದರೆ ಉಳಿದದ್ದು ಬರೀ ಎರಡು ನಿಮಿಷ!

ಹಾಗಾಗಿ ನಾನೀಗ ಮಾಡುವುದು ಇಷ್ಟು. ರೆಸಿಪಿಯಲ್ಲಿ ಫ್ಯಾನ್ ಇಲ್ಲದ ಅಳತೆ ಕೊಟ್ಟಿದ್ದರೆ 20 ಡಿಗ್ರಿ ಇಳಿಸುತ್ತೇನೆ, ಸಮಯವನ್ನು ಮೊದಲೇ ಇಳಿಸುವುದಿಲ್ಲ. ತೆಳ್ಳಗಿನದಾದರೆ ಮುಕ್ಕಾಲು ಸಮಯ ಕಳೆದಾಗ ಇಣುಕಿ ನೋಡುತ್ತೇನೆ. ದಪ್ಪದ್ದಾದರೆ ಕೊನೆಯ ಐದು ನಿಮಿಷದಲ್ಲಿ ಕಡ್ಡಿ ಚುಚ್ಚುತ್ತೇನೆ, ಅದಕ್ಕಿಂತ ಮುಂಚೆ ಬಾಗಿಲು ತೆಗೆಯುವುದಿಲ್ಲ. ನನ್ನ ಹಳೇ ಓಟಿಜಿಯ ಫ್ಯಾನ್ ಬಡಕಲು, ಅದರಲ್ಲಿ 10 ಡಿಗ್ರಿ ಇಳಿಸಿದರೆ ಸಾಕಾಗುತ್ತಿತ್ತು. ಜೊತೆಗೆ ಅದರ ನಾಬ್ 180 ಅಂದರೂ ಒಳಗಿಟ್ಟ ಥರ್ಮಾಮೀಟರ್ 200 ತೋರಿಸುತ್ತಿತ್ತು. ಹಾಗಿದ್ದಾಗ 20ರ ಲೆಕ್ಕಕ್ಕೆ ಅರ್ಥವೇ ಇಲ್ಲ, ಮೊದಲು ಅದನ್ನು ನೋಡಿಕೊಳ್ಳಿ.

ಕೇಕಿಗೆ ಈಗಲೂ ನನ್ನ ಆಯ್ಕೆ ಮೇಲೆ-ಕೆಳಗಿನ ಶಾಖವೇ. ಬಿಸ್ಕತ್ತು, ಹುರಿದ ತರಕಾರಿ, ನಿಪ್ಪಟ್ಟಿನ ಥರ ಗರಿಗರಿ ಬೇಕಾದದ್ದಕ್ಕೆಲ್ಲ ಫ್ಯಾನ್. ಅದರಲ್ಲಿ ಎರಡು ಟ್ರೇ ಒಟ್ಟಿಗೆ ಇಡಬಹುದು, ಆದರೂ ನಡುವೆ ಒಮ್ಮೆ ಮೇಲಿನದ್ದು ಕೆಳಗೆ ಮಾಡುವುದು ವಾಸಿ. ಇನ್ನೊಂದು, ಬಟರ್ ಪೇಪರನ್ನು ಟ್ರೇ ಅಳತೆಗೇ ಕತ್ತರಿಸಿ. ಅಂಚು ಜಾಸ್ತಿ ಬಿಟ್ಟಿದ್ದಕ್ಕೆ ಒಮ್ಮೆ ಅದು ಗಾಳಿಗೆ ಎದ್ದು ಮಡಚಿಕೊಂಡು, ಒಂದು ಸಾಲು ಬಿಸ್ಕತ್ತಿನ ಮೇಲೆ ಅಂಟಿ ಕೂತಿತ್ತು.