ಪ್ರಾಜೆಕ್ಟ್ ತಂಡಕ್ಕೆ ಯಾವ ರೇಸಿ ಪಟ್ಟಿ? ಒಂದು ಮೆಣಸಿನ ಗಿಡ ಒಣಗಿಸಿ ಕಂಡುಕೊಂಡದ್ದು

ತಂಡದಲ್ಲಿ ಯಾವ ಕೆಲಸ ಯಾರದು ಎಂದು ಬರೆದಿಡಲು ನಾವು ಮೂರು ಬಗೆಯ ಪಟ್ಟಿ ಮಾಡಿ ನೋಡಿದೆವು. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಮೂರನೆಯ ಬಗೆಗೆ. ಮೊದಲ ಎರಡನ್ನು ನೆಚ್ಚಿಕೊಂಡಿದ್ದಾಗ ಗಿಡ ಒಣಗಿತು.

ಅಂತಿಮ ವರ್ಷದ ಪ್ರಾಜೆಕ್ಟ್, ನಾವು ನಾಲ್ವರು. ಮಣ್ಣಿನ ತೇವ ಅಳೆದು ಪಂಪ್ ಚಾಲೂ ಮಾಡುವ ಸಾಧನ. ಒಬ್ಬನಿಗೆ ಸೆನ್ಸರ್ ಮತ್ತು ಬೋರ್ಡ್, ಗೆಳತಿಗೆ ಸರ್ವರ್, ಇನ್ನೊಬ್ಬನಿಗೆ ಮೊಬೈಲ್ ಆ್ಯಪ್, ನನಗೆ ಪರೀಕ್ಷೆ ಮತ್ತು ವರದಿ.

ಮೊದಲನೆಯದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಿನ್ ಮಾಡಿದ ಹೆಸರುಗಳ ಪಟ್ಟಿ. ಇಬ್ಬರೇ ಇದ್ದರೆ ಅಷ್ಟು ಸಾಕು.

ಎರಡನೆಯದು ಗೈಡ್ ಮೇಡಂ ಕೇಳಿದರೆಂದು ಮಾಡಿದ ರೇಸಿ ಪಟ್ಟಿ. ಅಡ್ಡ ಸಾಲುಗಳಲ್ಲಿ ಸೆನ್ಸರ್, ಸರ್ವರ್, ಆ್ಯಪ್, ವರದಿ. ಕಂಬ ಸಾಲುಗಳಲ್ಲಿ ನಮ್ಮ ಹೆಸರು. ಕೆಲಸ ಮಾಡುವವರಿಗೆ R, ಕೊನೆಗೆ ಉತ್ತರ ಹೇಳಬೇಕಾದ ಒಬ್ಬರಿಗೆ A, ಮಾಡುವ ಮುನ್ನ ಕೇಳಬೇಕಾದವರಿಗೆ C, ಆದ ಮೇಲೆ ತಿಳಿಸಿದರೆ ಸಾಕು ಎನ್ನುವವರಿಗೆ I. ಪ್ರತಿ ಸಾಲಿನಲ್ಲೂ ಒಂದೇ A ಇತ್ತು. ನೋಡಲು ಅಚ್ಚುಕಟ್ಟು.

ಒಂದು ವಾರದ ರಜೆ ಮುಗಿಸಿ ಬಂದರೆ ಕುಂಡದ ಮೆಣಸಿನ ಗಿಡ ತಲೆ ಬಾಗಿಸಿ ನಿಂತಿತ್ತು, ಮಣ್ಣು ಬಿರುಕು ಬಿಟ್ಟಿತ್ತು. ಮೊಬೈಲಿನಲ್ಲಿ ಮಾತ್ರ ತೇವಾಂಶ ಶೇ. 99! ನಮ್ಮ ಸೆನ್ಸರ್ ಒಣ ಮಣ್ಣಿಗೆ ದೊಡ್ಡ ಅಂಕಿ, ಒದ್ದೆ ಮಣ್ಣಿಗೆ ಸಣ್ಣ ಅಂಕಿ ಕೊಡುವ ಜಾತಿಯದು. ಬೋರ್ಡ್ ಅದನ್ನು 0ಯಿಂದ 4095ರೊಳಗೆ ಓದುತ್ತದೆ. ಅದನ್ನು ತಿರುಗಿಸಿ ಶೇಕಡಾವಾರು ಮಾಡಬೇಕು. ಗೆಳೆಯ ಬೋರ್ಡಿನಲ್ಲೇ ಮಾಡಿ ಕಳಿಸುತ್ತಿದ್ದ. ಗೆಳತಿ ಸರ್ವರಿನಲ್ಲಿ ಮತ್ತೊಮ್ಮೆ ಮಾಡುತ್ತಿದ್ದಳು. 4095ರ ಲೆಕ್ಕದಲ್ಲಿ ನೂರರೊಳಗಿನ ಯಾವ ಅಂಕಿಯೂ ತೀರಾ ಸಣ್ಣದು. ಆದ್ದರಿಂದ ಮಣ್ಣು ಹೇಗೇ ಇರಲಿ, ಪರದೆಯ ಮೇಲೆ 97ರ ಮೇಲೆಯೇ. ಪಂಪ್ ಏಕೆ ತಿರುಗೀತು?

ಜಗಳಕ್ಕೆ ಕುಳಿತು ಪಟ್ಟಿ ತೆರೆದೆವು. ಅವನ ಸಾಲಿಗೆ ಅವನೇ A, ಅವಳ ಸಾಲಿಗೆ ಅವಳೇ A. ಇಬ್ಬರೂ ನಿಯಮ ಮೀರಿರಲಿಲ್ಲ. ಎರಡು ಸಾಲುಗಳ ನಡುವಿನ ಗಡಿಯಲ್ಲಿದ್ದ ಕೆಲಸಕ್ಕೆ ಮಾತ್ರ ಸಾಲೇ ಇರಲಿಲ್ಲ. ವಾಟ್ಸ್‌ಆ್ಯಪ್ ಪಟ್ಟಿಗೇ ಅಕ್ಷರಗಳ ಅಂಗಿ ತೊಡಿಸಿದ್ದೆವು, ಅಷ್ಟೇ.

ಮೂರನೆಯ ಬಗೆಯಲ್ಲಿ ಸಾಲಿಗೆ ಭಾಗದ ಹೆಸರಿಲ್ಲ, ಮುಗಿಯಿತೋ ಇಲ್ಲವೋ ಎಂದು ಹೇಳಬಹುದಾದ ಕೆಲಸದ ಹೆಸರಿದೆ. ‘ಸರ್ವರ್’ ಹೋಗಿ ‘ಓದಿದ ಅಂಕಿಯನ್ನು ಶೇಕಡಾವಾರಿಗೆ ಬದಲಿಸುವುದು’ ಬಂತು. ಈ ಒಂದು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಸೆನ್ಸರಿನ ಸ್ವಭಾವ ತನಗೇ ಗೊತ್ತು ಎಂದು ಅವನು. ಮಣ್ಣು ಬದಲಾದಾಗಲೆಲ್ಲ ಬೋರ್ಡ್ ಬಿಚ್ಚಿ ಕೋಡ್ ಹಾಕುವವರು ಯಾರು ಎಂದು ಅವಳು. ಮನಸ್ತಾಪ ಬೇಡವೆಂದು ಇಬ್ಬರಿಗೂ A ಬರೆದೆವು. ವಿದ್ಯಾರ್ಥಿ ತಂಡದಲ್ಲಿ ಎಲ್ಲರೂ ಸಮಾನರಾದ್ದರಿಂದ ಈ ದಾಕ್ಷಿಣ್ಯ ತಪ್ಪಿದ್ದಲ್ಲ. ಆದರೆ ಗಿಡ ಒಣಗಿದ್ದೇ ಇಬ್ಬರೂ ತಮ್ಮದೆಂದುಕೊಂಡದ್ದರಿಂದ.

ಎರಡು A ಬಂದರೆ ಅದು ಒಂದು ಕೆಲಸವಲ್ಲ, ಎರಡು ಎಂದು ಕೊನೆಗೆ ಹೊಳೆಯಿತು. ಸಾಲನ್ನೇ ಸೀಳಿದೆವು. ‘ಪೂರ್ತಿ ಒಣ ಮತ್ತು ಪೂರ್ತಿ ಒದ್ದೆ ಮಣ್ಣಿನ ಅಂಕಿಗಳನ್ನು ಅಳೆದು ಬರೆದಿಡುವುದು’ ಅವನಿಗೆ: R, A ಎರಡೂ. ‘ಶೇಕಡಾವಾರಿಗೆ ಬದಲಿಸುವುದು’ ಅವಳಿಗೆ: R, A. ಅಲ್ಲಿ ಅವನಿಗೆ C, ಏಕೆಂದರೆ ಅವನ ಎರಡು ಅಂಕಿಗಳಿಲ್ಲದೆ ಸೂತ್ರವಿಲ್ಲ. ಆ್ಯಪ್ ಗೆಳೆಯನಿಗೂ ನನಗೂ I. ಬೋರ್ಡ್ ಇನ್ನು ಮುಂದೆ ಓದಿದ ಅಂಕಿಯನ್ನು ಹಾಗೆಯೇ ಕಳಿಸಬೇಕು.

ಮೇಲಿನಿಂದ ಕೆಳಕ್ಕೂ ಒಮ್ಮೆ ಓದಿ. ನನ್ನ ಕಂಬದಲ್ಲಿ ಐದು R, ಆ್ಯಪ್ ಗೆಳೆಯನದರಲ್ಲಿ ಒಂದು. ಡೆಮೊ ವಿಡಿಯೊ ಅವನ ಪಾಲಿಗೆ ಹೋಯಿತು, ಮುಖ ಸಣ್ಣದು ಮಾಡಿಕೊಂಡ.

C ಧಾರಾಳವಾಗಬಾರದು. ಹಳೆಯ ಪಟ್ಟಿಯಲ್ಲಿ ಮೇಡಂಗೆ ಎಲ್ಲ ಕಡೆ C ಕೊಟ್ಟು, ಸಣ್ಣ ತೀರ್ಮಾನಕ್ಕೂ ನಾಲ್ಕು ದಿನ ಕಾದಿದ್ದೆವು. ಈಗ ಸೆನ್ಸರ್ ಖರೀದಿ ಮತ್ತು ವರದಿಯ ಕರಡು, ಎರಡೇ ಸಾಲಿಗೆ.

ಖರ್ಚು ಒಂದು ಸಂಜೆ ಮತ್ತು ಒಂದು ಹಾಳೆಯ ಪ್ರಿಂಟ್. ಆನ್‌ಲೈನ್ ಶೀಟನ್ನು ಮತ್ತೆ ತೆರೆದು ನೋಡುವ ಜಾಯಮಾನ ನನ್ನದಲ್ಲ. ಹಾಗಾಗಿ ಹನ್ನೊಂದು ಸಾಲಿಗೆ ನಿಲ್ಲಿಸಿ ಲ್ಯಾಬಿನ ಬೀರುವಿಗೆ ಅಂಟಿಸಿದೆವು. ನಿಮ್ಮ ತಂಡ ಶೀಟಿನಲ್ಲೇ ಬದುಕುವವರದಾದರೆ ಇಪ್ಪತ್ತು ಸಾಲೂ ನಡೆದೀತು. ಒಂದು ಮಾತು: A ಬಿದ್ದವರು ಕೆಲಸ ಮಾಡದಿದ್ದರೆ ಪಟ್ಟಿಯೇನೂ ಅವರಿಂದ ಅದನ್ನು ಮಾಡಿಸುವುದಿಲ್ಲ. ಡೆಮೊ ವಿಡಿಯೊ ತಡವಾದಾಗ ಯಾರಿಗೆ ಫೋನ್ ಮಾಡಬೇಕೆಂದಷ್ಟೇ ಗೊತ್ತಾಯಿತು.

ಹೊಸ ಗಿಡ ಬದುಕಿತು. ವೈವಾದಲ್ಲಿ ಮೊದಲು ಮಾತನಾಡುವವರು ಯಾರು ಎಂಬುದಕ್ಕೆ ಸಾಲು ಬರೆದಿರಲಿಲ್ಲ. ಅವನೂ ಅವಳೂ ಒಟ್ಟಿಗೇ ಬಾಯಿ ತೆರೆದರು.